ಕಬ್ಬಿಣದ ಆಮ್ಲಜನಕ ಕಸಿಯುವವರು ಯಾರು? ಇದ್ದಿಲೋ, ಅಲ್ಯೂಮಿನಿಯಮ್ಮೋ?

ಮೈಸೂರಿನಿಂದ ಅರಸೀಕೆರೆಗೆ ಹೋಗುವ ರೈಲು ಮಾರ್ಗದಲ್ಲಿ, ಹೇಮಾವತಿ ನದಿಯ ಸಮೀಪ, ಅಕ್ಕಿಹೆಬ್ಬಾಳು ನಿಲ್ದಾಣವಿದೆ. ಇಂಥ ಮಾರ್ಗಗಳಲ್ಲಿ ಎರಡು ಹಳಿಗಳ ತುದಿಗಳನ್ನು ಸ್ಥಳದಲ್ಲೇ ಬೆಸೆಯಲು ರೈಲ್ವೆ ಬಳಸುವ ವಿಧಾನದ ಹೆಸರು ಥರ್ಮಿಟ್ ಬೆಸುಗೆ. ಅದರಲ್ಲಿ ಕಬ್ಬಿಣದ ಆಕ್ಸೈಡ್‌ನಿಂದ ಆಮ್ಲಜನಕವನ್ನು ಕಸಿದು ಉಕ್ಕಿನ ದ್ರವವನ್ನು ಕೊಡುವುದು ಅಲ್ಯೂಮಿನಿಯಂ ಪುಡಿ. ಇದೇ ಕೆಲಸವನ್ನು 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯಲ್ಲಿ ಮಾಡಿದ್ದು ಮಲೆನಾಡಿನ ಕಾಡುಗಳ ಸೌದೆಯಿಂದ ಸುಟ್ಟ ಇದ್ದಿಲು. ಕಸಿಯಬೇಕಾದದ್ದು ಎರಡು ಕಡೆಯೂ ಕಬ್ಬಿಣದ ಆಮ್ಲಜನಕವೇ ಆದರೂ, ಕಸಿಯುವ ವಸ್ತು ಮಾತ್ರ ಬೇರೆ. ಹೀಗೆ ಕಸಿಯುವ ವಸ್ತುವಿಗೆ ರಸಾಯನಶಾಸ್ತ್ರದಲ್ಲಿ ಅಪಕರ್ಷಣಕಾರಿ ಎನ್ನುತ್ತಾರೆ. ಎಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ಒಂದು ಸರಳ ನಕ್ಷೆಯ ನೆರವಿನಿಂದ ತಿಳಿಯಬಹುದು.

ಯಾವುದೇ ಧಾತು ಆಮ್ಲಜನಕದೊಡನೆ ಸೇರಿ ಆಕ್ಸೈಡ್ ಆಗುವಾಗ ಆ ವ್ಯವಸ್ಥೆಯ ಮುಕ್ತ ಶಕ್ತಿ ಇಳಿಯುತ್ತದೆ. ಇಳಿತ ಹೆಚ್ಚಿದಷ್ಟೂ ಆಕ್ಸೈಡ್‌ನ ಹಿಡಿತ ಗಟ್ಟಿ. ಬೇರೆ ಬೇರೆ ಧಾತುಗಳನ್ನು ಹೋಲಿಸಲು ಎಲ್ಲಕ್ಕೂ ಒಂದೇ ಅಳತೆ ಬೇಕು. ಆದ್ದರಿಂದ ಒಂದು ಮೋಲ್ ಆಮ್ಲಜನಕ ಅನಿಲವನ್ನು, ಅಂದರೆ 32 ಗ್ರಾಂನಷ್ಟನ್ನು, ಹಿಡಿದಾಗ ಆಗುವ ಇಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಡ್ಡ ಅಕ್ಷದಲ್ಲಿ ತಾಪಮಾನ, ಲಂಬ ಅಕ್ಷದಲ್ಲಿ ಈ ಇಳಿತವನ್ನಿಟ್ಟು ಪ್ರತಿ ಧಾತುವಿಗೂ ಒಂದು ಗೆರೆ ಎಳೆದರೆ ಸಿಗುವುದೇ ಎಲ್ಲಿಂಗ್‌ಹ್ಯಾಮ್ ನಕ್ಷೆ. ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ಎಲ್ಲಿಂಗ್‌ಹ್ಯಾಮ್ ಇದನ್ನು 1944ರಲ್ಲಿ ಪ್ರಕಟಿಸಿದರು. ನಕ್ಷೆಯ ನಿಯಮ ಒಂದೇ: ಒಂದು ತಾಪಮಾನದಲ್ಲಿ ಯಾವ ಧಾತುವಿನ ಗೆರೆ ಕೆಳಗಿದೆಯೋ ಅದು, ಮೇಲಿರುವ ಗೆರೆಯ ಆಕ್ಸೈಡ್‌ನಿಂದ ಆಮ್ಲಜನಕವನ್ನು ಕಸಿಯಬಲ್ಲದು.

ಹೆಚ್ಚಿನ ಲೋಹಗಳ ಗೆರೆ ತಾಪಮಾನ ಏರಿದಂತೆ ಮೇಲಕ್ಕೆ ಏರುತ್ತದೆ. ಘನ ಲೋಹ ಅನಿಲವನ್ನು ನುಂಗಿ ಘನ ಆಕ್ಸೈಡ್ ಆದಾಗ, ಅಡ್ಡಾದಿಡ್ಡಿ ಓಡಾಡುತ್ತಿದ್ದ ಅಣುಗಳು ಹರಳಿನಲ್ಲಿ ಸೆರೆಯಾಗುತ್ತವೆ. ಅಂದರೆ ವ್ಯವಸ್ಥೆಯ ಅಸ್ತವ್ಯಸ್ತತೆ, ಎಂಟ್ರೋಪಿ, ಕಡಿಮೆಯಾಗುತ್ತದೆ. ಬಿಸಿ ಹೆಚ್ಚಾದಷ್ಟೂ ಈ ನಷ್ಟದ ಬೆಲೆ ಹೆಚ್ಚಾಗಿ, ಆಕ್ಸೈಡ್‌ನ ಹಿಡಿತ ಸಡಿಲವಾಗುತ್ತದೆ. ಇದ್ದಿಲಿನ ವಿಷಯ ಇದಕ್ಕೆ ಉಲ್ಟಾ. ಘನ ಇಂಗಾಲ ಒಂದು ಮೋಲ್ ಆಮ್ಲಜನಕವನ್ನು ಹಿಡಿದು ಎರಡು ಮೋಲ್ ಕಾರ್ಬನ್ ಮೊನಾಕ್ಸೈಡ್ ಅನಿಲ ಕೊಡುತ್ತದೆ. ಅನಿಲದ ಪ್ರಮಾಣ ದುಪ್ಪಟ್ಟಾಗುವುದರಿಂದ ಅಸ್ತವ್ಯಸ್ತತೆ ಹೆಚ್ಚುತ್ತದೆ, ಗೆರೆ ಕೆಳಕ್ಕೆ ಇಳಿಯುತ್ತದೆ. ಆದ್ದರಿಂದ ಇಂಗಾಲದ ಗೆರೆ ಇಳಿಯುತ್ತಾ ಬಂದು, ಏರುತ್ತಿರುವ ಲೋಹಗಳ ಗೆರೆಗಳನ್ನು ಒಂದೊಂದಾಗಿ ಕತ್ತರಿಸುತ್ತದೆ.

ಕಬ್ಬಿಣದ ಲೆಕ್ಕವನ್ನು ಬಿಡಿಸಿ ನೋಡಬಹುದು. 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಬ್ಬಿಣದ ಆಕ್ಸೈಡ್‌ನ ಇಳಿತ ಸುಮಾರು 415 ಕಿಲೋಜೌಲ್, ಇಂಗಾಲದ್ದು ಸುಮಾರು 375. ಇಲ್ಲಿ ಕಬ್ಬಿಣದ ಗೆರೆಯೇ ಕೆಳಗಿದೆ, ಘನ ಇದ್ದಿಲು ಅದರ ಆಮ್ಲಜನಕವನ್ನು ಕೀಳಲಾರದು. 1000 ಡಿಗ್ರಿಯಲ್ಲಿ ಕಬ್ಬಿಣದ ಅಂಕಿ ಸುಮಾರು 365ಕ್ಕೆ ಕುಗ್ಗುತ್ತದೆ, ಇಂಗಾಲದ್ದು ಸುಮಾರು 445ಕ್ಕೆ ಬೆಳೆಯುತ್ತದೆ. ಈಗ 80 ಕಿಲೋಜೌಲ್‌ನಷ್ಟು ಮೇಲುಗೈ ಇದ್ದಿಲಿನದು. ಎರಡೂ ಗೆರೆಗಳು ಕೂಡುವುದು 730 ಡಿಗ್ರಿಯ ಆಸುಪಾಸಿನಲ್ಲಿ. ಇದ್ದಿಲಿಗೆ ಗಾಳಿ ಊದಿದರೆ ಈ ಬಿಸಿ ಸುಲಭವಾಗಿ ಸಿಗುತ್ತದೆ. ಮೈಸೂರು ಸೀಮೆಯಲ್ಲಿ ತಿದಿ ಒತ್ತಿ ಮಣ್ಣಿನ ಕುಲುಮೆಯಲ್ಲೇ ಅದಿರು ಕರಗಿಸುತ್ತಿದ್ದವರು ಕಬ್ಬಿಣ ಪಡೆಯಲು ಸಾಧ್ಯವಾದದ್ದು ಇದರಿಂದಲೇ. ಅದಿರಿನ ಜೊತೆ ಬರುವ ಮರಳಿನ, ಅಂದರೆ ಸಿಲಿಕಾದ, ಗೆರೆಯನ್ನು ಇಂಗಾಲ ಕತ್ತರಿಸುವುದು ಸುಮಾರು 1650 ಡಿಗ್ರಿಯಲ್ಲಿ. ಆದ್ದರಿಂದ ಕುಲುಮೆಯಲ್ಲಿ ಸಿಲಿಕಾದ ಬಹುಪಾಲು ಹಾಗೆಯೇ ಉಳಿದು, ಸುಣ್ಣಕಲ್ಲಿನೊಡನೆ ಸೇರಿ ಕಿಟ್ಟವಾಗಿ ಹೊರಬೀಳುತ್ತದೆ.

ಹಾಗಿದ್ದರೆ ಹಳಿಯ ಬೆಸುಗೆಗೆ ಇದ್ದಿಲು ಏಕೆ ಬೇಡ? ಕಾರಣ ಮೂರು. ಇದ್ದಿಲು ಆಮ್ಲಜನಕ ಕಸಿಯುವಾಗ ಒಟ್ಟಾರೆ ಶಾಖವನ್ನು ಹೀರುತ್ತದೆ, ಹೊರಗಿನಿಂದ ಬಿಸಿ ಕೊಡುತ್ತಲೇ ಇರಬೇಕು. ಹೊರಬರುವ ಅನಿಲ ಕರಗಿದ ಲೋಹದಲ್ಲಿ ಗುಳ್ಳೆ ಎಬ್ಬಿಸುತ್ತದೆ. ಊದುಕುಲುಮೆಯ ಕಬ್ಬಿಣದಲ್ಲಿ ನೂರಕ್ಕೆ ನಾಲ್ಕರಷ್ಟು ಇಂಗಾಲ ಕರಗಿ ಉಳಿಯುವುದರಿಂದ ಅದು ಹೊಡೆತಕ್ಕೆ ಸೀಳುತ್ತದೆ, ರೈಲಿನ ಚಕ್ರದ ಭಾರ ತಡೆಯದು.

ಅಲ್ಯೂಮಿನಿಯಂ ಗೆರೆಯಾದರೋ ನಕ್ಷೆಯ ತಳದ ಹತ್ತಿರವಿದೆ. 1000 ಡಿಗ್ರಿಯಲ್ಲಿ ಅದರ ಇಳಿತ ಸುಮಾರು 850 ಕಿಲೋಜೌಲ್, ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು. ಕೋಣೆಯ ಬಿಸಿಯಿಂದ ಹಿಡಿದು ಉಕ್ಕು ಕರಗುವ ಬಿಸಿಯವರೆಗೂ ಅದು ಕಬ್ಬಿಣದ ಗೆರೆಗಿಂತ ಕೆಳಗೇ ಇರುತ್ತದೆ. ಕ್ರಿಯೆ ಹೀಗೆ:

Fe2O3 + 2Al → 2Fe + Al2O3

ಆಕ್ಸೈಡ್ ಮೂರು ಪಾಲು, ಅಲ್ಯೂಮಿನಿಯಂ ಒಂದು ಪಾಲು ತೂಕದಲ್ಲಿ ಬೆರೆಸಿದರೆ, ಒಂದು ಕಿಲೋ ಮಿಶ್ರಣದಿಂದ ಸುಮಾರು 520 ಗ್ರಾಂ ಕಬ್ಬಿಣ ಸಿಗಬೇಕು. ಹೊರಬರುವ ಶಾಖ ಸುಮಾರು 4 ಮೆಗಾಜೌಲ್. ಅನಿಲ ಹುಟ್ಟುವುದಿಲ್ಲ, ಆದ್ದರಿಂದ ಶಾಖವೆಲ್ಲ ಲೋಹದಲ್ಲೂ ಕಿಟ್ಟದಲ್ಲೂ ಉಳಿದು ಎರಡನ್ನೂ ಕರಗಿಸುತ್ತದೆ. ಹಗುರವಾದ ಅಲ್ಯೂಮಿನಾ ಕಿಟ್ಟ ಮೇಲೆ ತೇಲಿ, ಭಾರವಾದ ಉಕ್ಕು ಮೂಸೆಯ ತಳದಿಂದ ಅಚ್ಚಿಗೆ ಇಳಿಯುತ್ತದೆ. ಮೀಟರಿಗೆ 60 ಕಿಲೋ ತೂಗುವ ಹಳಿಯಲ್ಲಿ 25 ಮಿಲಿಮೀಟರ್ ಸಂದು ಬಿಟ್ಟರೆ, ಅದನ್ನು ತುಂಬಲು ಲೆಕ್ಕಕ್ಕೆ ಬೇಕಾದದ್ದು ಒಂದೂವರೆ ಕಿಲೋ ಉಕ್ಕು ಮಾತ್ರ. ಆದರೆ ಹಳಿಯ ತುದಿಗಳನ್ನು ಕರಗಿಸಿ ಒಂದಾಗಿಸಲು ಮತ್ತು ಅಚ್ಚಿನ ಉಳಿದ ಜಾಗ ತುಂಬಲು ಅದರ ಹಲವು ಪಟ್ಟು ಸುರಿಯಬೇಕಾಗುತ್ತದೆ. ಹಳಿಗೆ ತಕ್ಕ ಗುಣ ಬರಲು ಮಿಶ್ರಣದಲ್ಲಿ ಅಳತೆಯಂತೆ ಇಂಗಾಲ, ಮ್ಯಾಂಗನೀಸ್ ಸೇರಿಸಿರುತ್ತಾರೆ.

ಈ ಬೆಸುಗೆ ಕೆಡುವ ಬಗೆಯನ್ನೂ ಅದೇ ನಕ್ಷೆ ತೋರಿಸುತ್ತದೆ. ನೀರಿನ ಗೆರೆ ಕಬ್ಬಿಣದ ಗೆರೆಯ ಪಕ್ಕದಲ್ಲೇ, ಅಲ್ಯೂಮಿನಿಯಂ ಗೆರೆಗಿಂತ ಬಹಳ ಮೇಲೆ ಇದೆ. ಮಿಶ್ರಣ ಅಥವಾ ಅಚ್ಚು ತೇವವಾಗಿದ್ದರೆ ಅಲ್ಯೂಮಿನಿಯಂ ನೀರಿನ ಆಮ್ಲಜನಕವನ್ನೂ ಕಸಿಯುತ್ತದೆ. ಬಿಡುಗಡೆಯಾದ ಹೈಡ್ರೋಜನ್ ಉಕ್ಕಿನೊಳಗೆ ಸಣ್ಣ ಸಣ್ಣ ತೂತುಗಳನ್ನು ಉಳಿಸುತ್ತದೆ. ಮೇಲ್ಮೈಗೆ ಬಂದ ತೂತು ಉಜ್ಜಿದಾಗ ಕಣ್ಣಿಗೆ ಬೀಳುತ್ತದೆ. ಒಳಗೆ ಅಡಗಿದ್ದನ್ನು ಶ್ರವಣಾತೀತ ಧ್ವನಿಯ ಪರೀಕ್ಷೆಯಿಂದ, ತೂತಿಗೆ ತಾಗಿ ಮರಳುವ ಪ್ರತಿಧ್ವನಿಯಿಂದ, ಪತ್ತೆ ಹಚ್ಚುತ್ತಾರೆ. ಸಿಲಿಕಾದ ಗೆರೆಯೂ ಅಲ್ಯೂಮಿನಿಯಂ ಗೆರೆಗಿಂತ ಮೇಲಿದೆ. ಮರಳಿನ ಇಟ್ಟಿಗೆಯನ್ನು ಮೂಸೆಯ ಒಳಪದರವಾಗಿ ಬಳಸಿದರೆ ಅಲ್ಯೂಮಿನಿಯಂ ಅದನ್ನೇ ತಿಂದು, ಸಿಲಿಕಾನ್ ಉಕ್ಕಿಗೆ ಸೇರುತ್ತದೆ. ಆದ್ದರಿಂದ ಒಳಪದರಕ್ಕೆ ಬಳಸುವುದು ನಕ್ಷೆಯ ತಳದಲ್ಲಿರುವ ಮೆಗ್ನೀಷಿಯಂ ಆಕ್ಸೈಡ್.

ನಕ್ಷೆ ಹೇಳದ ಎರಡು ಸಂಗತಿಗಳಿವೆ. ಒಂದು ವೇಗ. ಲೆಕ್ಕದ ಪ್ರಕಾರ ಥರ್ಮಿಟ್ ಮಿಶ್ರಣ ತಣ್ಣಗಿರುವಾಗಲೂ ಕ್ರಿಯೆಗೆ ಇಳಿಯಬೇಕು. ಆದರೆ ಅದು ಚೀಲದಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತದೆ, ತುಂಬಾ ಬಿಸಿಯಾದ ಕಿಡಿಯೊಂದನ್ನು ಇಟ್ಟಾಗಲೇ ಉರಿಯುತ್ತದೆ. ಇನ್ನೊಂದು ಬೆಲೆ. ಅಲ್ಯೂಮಿನಿಯಮ್ಮನ್ನು ಅದರ ಆಕ್ಸೈಡ್‌ನಿಂದ ಇದ್ದಿಲಿನ ಮೂಲಕ ಬಿಡಿಸಬೇಕಾದರೆ 2000 ಡಿಗ್ರಿ ದಾಟಬೇಕು. ಆ ಬಿಸಿಯಲ್ಲಿ ಲೋಹ ಇಂಗಾಲದೊಡನೆ ಸೇರಿ ಕಾರ್ಬೈಡ್ ಆಗುತ್ತದೆ, ಒಂದು ಭಾಗ ಆವಿಯಾಗುತ್ತದೆ. ಅದಕ್ಕಾಗಿ ಅದನ್ನು ವಿದ್ಯುತ್ತಿನಿಂದಲೇ ಪಡೆಯುತ್ತಾರೆ. ಅಷ್ಟು ಖರ್ಚು ಮಾಡಿ ಗಳಿಸಿದ ಲೋಹವನ್ನು ಟನ್‌ಗಟ್ಟಲೆ ಕಬ್ಬಿಣ ತೆಗೆಯಲು ಸುಡುವುದು ಲಾಭವಲ್ಲ, ಅಲ್ಲಿಗೆ ಇದ್ದಿಲು ಇಲ್ಲವೇ ಕೋಕ್ ಸಾಕು. ವಿದ್ಯುತ್ತು, ಕುಲುಮೆ ಯಾವುದೂ ಇಲ್ಲದ ಹಳಿಯ ಮೇಲೆ, ಕೆಲವೇ ಕಿಲೋ ಉಕ್ಕನ್ನು ನಿಮಿಷದೊಳಗೆ ಕರಗಿಸಿ ಸುರಿಯಬೇಕಾದಾಗ ಅಲ್ಯೂಮಿನಿಯಂ ತಕ್ಕದ್ದು.