ಅಮೃತಶಿಲೆಗೆ ಹುಳಿ ಆಗದು

ಹಬ್ಬದ ಹಿಂದಿನ ದಿನ ದೇವರ ಪಾತ್ರೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ನೀರು ಸೋರುತ್ತಿರುವಾಗಲೇ ದೇವರ ಮನೆಯ ಬಿಳಿ ಅಮೃತಶಿಲೆಯ ಮೇಲೆ ಇಡುವುದು ನಮ್ಮ ಎಷ್ಟೋ ಮನೆಗಳ ರೂಢಿ. ಮರುದಿನ ಚೊಂಬು ಎತ್ತಿದರೆ ಅದರ ತಳದಷ್ಟೇ ಅಗಲದ ಮಸುಕು ಬಳೆಯೊಂದು ಕಾಣುತ್ತದೆ. ನೀರಿನ ಕಲೆ ಇರಬೇಕೆಂದು ಒರೆಸುತ್ತೇವೆ, ಹೋಗುವುದಿಲ್ಲ. ನಿಂಬೆಹಣ್ಣು ಉಜ್ಜುತ್ತೇವೆ, ವಿನೆಗರ್ ಹಾಕುತ್ತೇವೆ, ಕೊನೆಗೆ ಬಚ್ಚಲಿಗೆ ಬಳಸುವ ಆಸಿಡ್ ತರುತ್ತೇವೆ. ಬಳೆಯಷ್ಟಿದ್ದ ಮಸುಕು ತಟ್ಟೆಯಷ್ಟಾಗುತ್ತದೆ.

ಕಾರಣ ಕಲ್ಲಿನಲ್ಲೇ ಇದೆ. ಅಮೃತಶಿಲೆಯ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಯಾವುದೇ ಹುಳಿ ತಾಗಿದರೂ ಅದು ಕರಗಿ, ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಬಿಡುತ್ತದೆ. ಆಸಿಡ್ ಚೆಲ್ಲಿದಾಗ ಏಳುವ ನೊರೆ ಕೊಳೆ ಬಿಡುತ್ತಿರುವುದರ ಗುರುತೆಂದು ಹಲವರು ತಿಳಿಯುತ್ತಾರೆ. ಕೊಳೆಯಿಲ್ಲದ ಕಲ್ಲಿನ ಮೇಲೂ ಆ ನೊರೆ ಏಳುತ್ತದೆ, ಏಕೆಂದರೆ ಕರಗುತ್ತಿರುವುದು ಕಲ್ಲೇ. ಪಾಲಿಶ್ ಮಾಡಿದ ನೆಲ ಹೊಳೆಯುವುದು ಅದರ ಮೈ ತೀರಾ ಸಮತಟ್ಟಾಗಿದ್ದು, ಬೆಳಕನ್ನು ನೇರವಾಗಿ ಹಿಂದಿರುಗಿಸುವುದರಿಂದ. ಹುಳಿ ಆ ಮೈಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಾಗಿ ತಿನ್ನುತ್ತದೆ. ಬೆಳಕು ಚದುರಿ, ಆ ಜಾಗ ಮಂಕಾಗುತ್ತದೆ. ಟಾಯ್ಲೆಟ್ ತೊಳೆಯುವ ದ್ರವಗಳಲ್ಲಿ ಹೆಚ್ಚಾಗಿ ಇರುವ ಹೈಡ್ರೋಕ್ಲೋರಿಕ್ ಆಮ್ಲ ಈ ಕೆಲಸವನ್ನು ಕ್ಷಣದಲ್ಲಿ ಮಾಡಿದರೆ, ನಿಂಬೆ, ಹುಣಸೆ, ಮೊಸರು ಸ್ವಲ್ಪ ನಿಧಾನವಾಗಿ ಮಾಡುತ್ತವೆ. ‘ನೈಸರ್ಗಿಕ’ ಎಂದು ಬರೆದ ಕ್ಲೀನರ್‌ನಲ್ಲಿ ಸಿಟ್ರಿಕ್ ಆಮ್ಲವಿದ್ದರೆ ಅದೂ ಅದೇ ಸಾಲಿಗೆ ಸೇರಿದ್ದು. ಗ್ರಾನೈಟ್‌ಗೆ ಈ ಭಯ ಬಹುಮಟ್ಟಿಗೆ ಇಲ್ಲ. ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು ಮಾತ್ರ ಸುಣ್ಣದ ಕಲ್ಲೇ ಆದ್ದರಿಂದ, ಅದಕ್ಕೂ ಹುಳಿ ಆಗಿಬರುವುದಿಲ್ಲ.

ಇನ್ನೊಂದು ತೊಡಕಿದೆ. ಬೋರ್‌ವೆಲ್‌ನ ಗಡಸು ನೀರು ಆರಿದಾಗ ಉಳಿಯುವ ಬಿಳಿ ಹೆಕ್ಕಳೆಯೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ನಲ್ಲಿಯ ಮೇಲಿನ ಹೆಕ್ಕಳೆಯನ್ನು ವಿನೆಗರ್ ಚೆನ್ನಾಗಿ ತೆಗೆಯುತ್ತದೆ ಎಂಬುದು ನಿಜ. ಆದರೆ ಅಮೃತಶಿಲೆಯ ಮೇಲೆ ಹೆಕ್ಕಳೆಯನ್ನು ಕರಗಿಸಿ ಕಲ್ಲನ್ನು ಬಿಡುವ ಆಮ್ಲವಿಲ್ಲ, ಎರಡೂ ಒಂದೇ ವಸ್ತು.

ಹಾಗಾಗಿ ಕೆಲಸ ಬಲ್ಲವರು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇಲ್ಲಿ ಕಲ್ಲಿಗೆ ಏನಾದರೂ ಸೇರಿದೆಯೇ, ಕಲ್ಲಿನಿಂದ ಏನಾದರೂ ಹೋಗಿದೆಯೇ? ಸೇರಿದ್ದನ್ನು ಹೊರಗೆ ತೆಗೆಯಬಹುದು. ಹೋಗಿದ್ದರೆ ಉಳಿದ ಮೈಯನ್ನು ಮತ್ತೆ ಸಮ ಮಾಡುವುದೊಂದೇ ದಾರಿ.

ದೇವರ ಮನೆಯ ಅದೇ ಹಲಗೆಯನ್ನು ನೋಡೋಣ. ಒಂದು ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರವದ ನಾಲ್ಕೈದು ಹನಿ ಹಾಕಿ ತೊಳೆದು, ಬರೀ ನೀರಿನಲ್ಲಿ ಒರೆಸಿ, ರಾತ್ರಿಯಿಡೀ ಆರಲು ಬಿಡಬೇಕು. ನಿಂಬೆಯ ದ್ರವ ಬೇಡ, ಹುಳಿಯಿಲ್ಲದ್ದೇ ಆಗಬೇಕು. ಬೆಳಿಗ್ಗೆ ಟಾರ್ಚನ್ನು ನೆಲಕ್ಕೆ ತಾಗುವಂತೆ ಹಿಡಿದು ಓರೆಯಾಗಿ ಬೆಳಕು ಬಿಟ್ಟರೆ ಮೂರು ಬಗೆಯ ಗುರುತುಗಳು ಬೇರೆಬೇರೆಯಾಗಿ ಕಾಣುತ್ತವೆ. ಚೊಂಬಿನ ಬಳೆಯಲ್ಲಿ ಹೊಳಪಿಲ್ಲ. ಅದರ ಮೇಲೆ ನೀರು ಸವರಿದರೆ ಮಾಯವಾಗಿ, ಆರಿದೊಡನೆ ಮರಳಿ ಬರುತ್ತದೆ. ಇದು ಹುಳಿ ತಿಂದ ಜಾಗ. ಅಭಿಷೇಕದ ನೀರು ನಿಲ್ಲುವ ಮೂಲೆಯಲ್ಲಿ ಉಗುರಿಗೆ ತಡೆಯುವ ಬಿಳಿ ಅಂಚು, ಅದು ಹೆಕ್ಕಳೆ. ದೀಪದ ಕಂಬದ ಬುಡದಲ್ಲಿ ಬಣ್ಣ ಗಾಢವಾಗಿದ್ದರೂ ಮೇಲಿನ ಹೊಳಪು ಕೆಟ್ಟಿಲ್ಲ. ಅಲ್ಲಿ ಎಣ್ಣೆ ಒಳಕ್ಕಿಳಿದಿದೆ.

ಎಣ್ಣೆಯಿಂದ ಶುರುಮಾಡಬಹುದು. ಅಡುಗೆ ಸೋಡಾಕ್ಕೆ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ, ಹರಿಯದಷ್ಟು ಗಟ್ಟಿಯಾಗಿ ಕಲಸಬೇಕು. ಕಲೆಯ ಅಂಚಿಗಿಂತ ಒಂದು ಬೆರಳು ಆಚೆಗೂ ಬರುವಂತೆ, ಸುಮಾರು ಅರ್ಧ ಸೆಂಟಿಮೀಟರ್ ದಪ್ಪ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚುಗಳಿಗೆ ಟೇಪ್ ಹಚ್ಚಬೇಕು. 24 ಗಂಟೆಗಳ ನಂತರ ಹಾಳೆ ತೆಗೆದು, ಲೇಪ ತಾನಾಗಿ ಪೂರ್ತಿ ಒಣಗುವವರೆಗೆ ಬಿಡಬೇಕು. ಅವಸರಪಟ್ಟವರು ಕೆಡಿಸುವುದು ಇಲ್ಲಿಯೇ. ಮುಚ್ಚಿದ್ದಾಗ ತೇವ ಕಲ್ಲಿನ ರಂಧ್ರಗಳಿಗೆ ಇಳಿದು ಎಣ್ಣೆಯನ್ನು ಸಡಿಲಿಸುತ್ತದೆ. ಒಣಗುವಾಗ ಆ ತೇವ ಮೇಲಕ್ಕೇರಿ, ಎಣ್ಣೆಯನ್ನೂ ಲೇಪದೊಳಕ್ಕೆ ಎಳೆದುಕೊಳ್ಳುತ್ತದೆ. ಹಸಿಯಾಗಿದ್ದಾಗಲೇ ಕೆರೆದರೆ ಅರ್ಧ ಕೆಲಸವಷ್ಟೇ ಆದಂತೆ. ಒಣಗಿದ ಪುಡಿಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎತ್ತಿ, ತೊಳೆದು, ಒರೆಸಿ ನೋಡಬೇಕು. ಹಳೆಯ ಕಲೆಗೆ ಮೂರು ನಾಲ್ಕು ಸಲ ಬೇಕಾದೀತು. ಪ್ರತಿ ಸಲವೂ ಬಣ್ಣ ತುಸು ತಿಳಿಯಾಗುತ್ತಿದ್ದರೆ ದಾರಿ ಸರಿಯಿದೆ ಎಂದರ್ಥ.

ಇದೇ ತತ್ವದ ಮೇಲೆ ನಡೆಯುವ ದೊಡ್ಡ ಕೆಲಸ ಆಗ್ರಾದಲ್ಲಿದೆ. ತಾಜ್ ಮಹಲಿನ ಮಕ್ರಾನಾ ಅಮೃತಶಿಲೆಯ ಮೇಲೆ ಕೂರುವ ಹಳದಿ ಕೊಳೆಯನ್ನು ತೆಗೆಯಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ 1994ರಿಂದ ಹಲವು ಬಾರಿ ಮುಲ್ತಾನಿ ಮಿಟ್ಟಿಯ ಲೇಪ ಬಳಸಿದೆ. ಮಣ್ಣನ್ನು ಗೋಡೆಗೆ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ, ಒಣಗಿದ ಮೇಲೆ ಶುದ್ಧೀಕರಿಸಿದ ನೀರಿನಿಂದ ತೊಳೆಯುತ್ತಾರೆ. ಅಷ್ಟು ಬೆಲೆಬಾಳುವ ಕಲ್ಲಿಗೆ ಆಮ್ಲದ ಬದಲು ಮಣ್ಣನ್ನು ಆರಿಸಿಕೊಂಡಿರುವುದು, ಕೊಳೆಯನ್ನು ಹೀರಿಕೊಂಡು ಕಲ್ಲನ್ನು ಮುಟ್ಟದಿರುವ ಅದರ ಗುಣಕ್ಕಾಗಿ. ಮನೆಯಲ್ಲಿ ಮಾತ್ರ ಅಡುಗೆ ಸೋಡಾ ವಾಸಿ. ಅಂಗಡಿಯ ಮುಲ್ತಾನಿ ಮಿಟ್ಟಿಯಲ್ಲಿ ಕಬ್ಬಿಣದ ಅಂಶ ಇರಬಹುದು, ಅದು ಬಿಳಿ ಕಲ್ಲಿಗೆ ಬಣ್ಣ ಹತ್ತಿಸೀತು.

ಮೂಲೆಯ ಹೆಕ್ಕಳೆಗೆ ಹೊಸ ಬ್ಲೇಡ್ ಸಾಕು. ಜಾಗವನ್ನು ಒದ್ದೆಮಾಡಿಕೊಂಡು, ಬ್ಲೇಡನ್ನು ಬಹುತೇಕ ಮಲಗಿಸಿ ಹಿಡಿದು, ಒಂದೇ ದಿಕ್ಕಿಗೆ ಮೆಲ್ಲಗೆ ತಳ್ಳಿದರೆ ಹೆಕ್ಕಳೆ ಚಕ್ಕೆಯಾಗಿ ಏಳುತ್ತದೆ. ಬ್ಲೇಡಿನ ತುದಿ ನೆಲಕ್ಕೆ ಒತ್ತಿದರೆ ಗೀರು ಬೀಳುತ್ತದೆ.

ಉಳಿದದ್ದು ಚೊಂಬಿನ ಬಳೆ. ಲೇಪದಿಂದ ಇದು ಹೋಗುವುದಿಲ್ಲ, ಏಕೆಂದರೆ ಇಲ್ಲಿ ಹೀರಿ ತೆಗೆಯಲು ಏನೂ ಇಲ್ಲ. ಬೆರಳಾಡಿಸಿದಾಗ ನುಣುಪಾಗಿಯೇ ಇದ್ದರೆ ಮನೆಯಲ್ಲೇ ಪ್ರಯತ್ನಿಸಬಹುದು. ಇದಕ್ಕೆ ಬೇಕಾದದ್ದು ಅಮೃತಶಿಲೆಗೆಂದೇ ಇರುವ ಟಿನ್ ಆಕ್ಸೈಡ್ ಪಾಲಿಶ್ ಪುಡಿ. ಕೊಳ್ಳುವಾಗ ಚೀಟಿ ಓದಬೇಕು. ಹಲವು ಪಾಲಿಶ್ ಪುಡಿಗಳಲ್ಲಿ ಆಕ್ಸಾಲಿಕ್ ಆಮ್ಲವಿರುತ್ತದೆ. ಅದು ವಿಷ. ಕೈಪಳಗಿದ ಕೆಲಸದವರಿಗೆ ಬಿಡುವುದೇ ಕ್ಷೇಮ. ಒಂದು ಚಮಚ ಪುಡಿಯನ್ನು ನೀರಿನಲ್ಲಿ ಕಲಸಿ, ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಒದ್ದೆ ಫೆಲ್ಟ್ ಅಥವಾ ದಪ್ಪ ಹತ್ತಿಬಟ್ಟೆಯಿಂದ ಬಳೆಯನ್ನೂ ಅದರ ಸುತ್ತಲಿನ ತುಸು ಜಾಗವನ್ನೂ ಸುತ್ತುಸುತ್ತಾಗಿ ಉಜ್ಜಬೇಕು. ಆರಲು ಬಿಡದೆ ಆಗಾಗ ನೀರು ಚಿಮುಕಿಸಬೇಕು. ನಡುನಡುವೆ ಒರೆಸಿ, ಟಾರ್ಚ್ ಬೆಳಕಿನಲ್ಲಿ ನೋಡುತ್ತಿರಬೇಕು. ಸುತ್ತಲಿನ ಹೊಳಪಿಗೂ ಉಜ್ಜಿದ ಜಾಗಕ್ಕೂ ವ್ಯತ್ಯಾಸ ಕಾಣದಾದಾಗ ನಿಲ್ಲಿಸಬೇಕು.

ಬೆರಳಿಗೆ ತರಿತರಿಯಾಗಿ ಸಿಕ್ಕರೆ ಪುಡಿ ಸಾಲದು. ಪಾಲಿಶ್ ಕೆಲಸದವರು ವಜ್ರದ ಕಣಗಳಿರುವ ಪ್ಯಾಡ್‌ಗಳನ್ನು ನೀರಿನೊಂದಿಗೆ ಬಳಸಿ, 400ರಿಂದ 800, 1500, 3000 ಹೀಗೆ ಒರಟಿನಿಂದ ನಯಕ್ಕೆ ಏರುತ್ತಾ ಹೋಗುತ್ತಾರೆ. ಪ್ರತಿ ಪ್ಯಾಡ್ ಹಿಂದಿನದರ ಗೀರುಗಳನ್ನು ಅಳಿಸುತ್ತದೆ, ನಡುವಿನ ಒಂದನ್ನು ಬಿಟ್ಟರೂ ಕೊನೆಗೆ ಹೊಳಪಿನಡಿ ಗೀರು ಉಳಿಯುತ್ತದೆ. ಬಕೆಟ್ ಆಸಿಡ್ ಸುರಿದು ಹಾಳಾದ ನೆಲಕ್ಕೆ ಇದೊಂದೇ ಉಪಾಯ. ಪ್ರತಿ ಸಲವೂ ಕಲ್ಲಿನ ಒಂದು ಪದರ ಸವೆಯುತ್ತದೆ.

ಸೀಲರ್ ಹಚ್ಚಿಸಿದ್ದೇವೆ ಎಂದು ನಿಶ್ಚಿಂತರಾಗುವುದು ತಪ್ಪು. ಸೀಲರ್ ರಂಧ್ರಗಳನ್ನು ತುಂಬಿ ಎಣ್ಣೆ, ಅರಿಸಿನ ಒಳಗಿಳಿಯುವುದನ್ನು ತಡಮಾಡುತ್ತದೆ, ಆದರೆ ಮೇಲ್ಮೈಗೆ ತಾಗುವ ಹುಳಿಯನ್ನು ತಡೆಯುವುದಿಲ್ಲ. ಹುಣಸೆ ಹಚ್ಚಿ ತಿಕ್ಕಿದ ಚೊಂಬನ್ನು ಎರಡು ಸಲ ತೊಳೆದು, ತಳ ಒರೆಸಿ, ಕೆಳಗೊಂದು ತಟ್ಟೆಯಿಟ್ಟು ಇಡುವುದು, ಪಂಚಾಮೃತ ಚೆಲ್ಲಿದ ಕೂಡಲೇ ನೀರು ಹಾಕಿ ಒರೆಸುವುದು, ಈ ಎರಡು ಅಭ್ಯಾಸಗಳಿಂದ ಬಳೆ ಮೂಡುವುದೇ ನಿಲ್ಲುತ್ತದೆ.