ಮೂರು ವಾರ ವಿವರ, ಉಳಿದದ್ದು ಅಂದಾಜು

ಮನೆಯ ಪಾಯ ಅಗೆಯುವಾಗಲೇ ಟೈಲ್ಸ್ ಕೂರಿಸುವ ತಾರೀಖು ಗೊತ್ತುಮಾಡುವುದು ವ್ಯರ್ಥ. ಮಣ್ಣು ಸಡಿಲವಿದ್ದರೆ ಪಾಯ ಇನ್ನೂ ಆಳಕ್ಕೆ ಹೋಗುತ್ತದೆ, ಮುಂದಿನದೆಲ್ಲ ತಡವಾಗುತ್ತದೆ. ‘ರೋಲಿಂಗ್ ವೇವ್’ ಯೋಜನೆಯಲ್ಲಿ ಮುಂದಿನ ಮೂರು ವಾರ, ಅಂದರೆ ಅಗೆತ, ಕಂಬಿ ಕಟ್ಟುವುದು, ಕಾಂಕ್ರೀಟ್, ಕ್ಯೂರಿಂಗ್ ಮಾತ್ರ ದಿನ, ಆಳು, ಸಾಮಗ್ರಿ ಸಮೇತ ಬರೆದಿರುತ್ತದೆ. ಗಾರೆ, ಬಣ್ಣಕ್ಕೆ ಅಂದಾಜು ತಿಂಗಳು, ಅಂದಾಜು ಹಣ ಸಾಕು. ವಾರ ಮುಗಿದಂತೆ ಮತ್ತೊಂದು ವಾರದ ವಿವರ ಸೇರುತ್ತದೆ.

ಎಡವಟ್ಟಾಗುವುದು ಎಲ್ಲವನ್ನೂ ‘ಆಮೇಲೆ’ ಎಂದು ಬಿಟ್ಟಾಗ. ಫ್ಯಾನು ಹಾಕುವುದು ಕೊನೆಗೆ, ನಿಜ. ಆದರೆ ಅದರ ವೈರಿನ ಪೈಪು ತಾರಸಿಗೆ ಕಾಂಕ್ರೀಟ್ ಸುರಿಯುವ ಮೊದಲೇ ಕಂಬಿಗಳ ನಡುವೆ ಕೂತಿರಬೇಕು. ಮರೆತರೆ ಗಟ್ಟಿಯಾದ ತಾರಸಿಯನ್ನೇ ಕೊರೆಯಬೇಕಾದೀತು. ಹಾಗಾಗಿ ದೂರದ ಪ್ರತಿ ಕೆಲಸದೆದುರು ಅದನ್ನು ತೀರ್ಮಾನಿಸಲು ಕೊನೆಯ ಗಡುವನ್ನು ಈಗಲೇ ಬರೆದಿಡಬೇಕು.