‘ಊರು’ ಎಂದು ಹುಡುಕಿದರೆ ‘ಊರಿಗೆ’ ಸಿಗದು

ಒಂದು ಕಾದಂಬರಿಯ ಪೂರ್ತಿ ಪಠ್ಯ ಕಂಪ್ಯೂಟರಿನಲ್ಲಿದೆ, ಅದರಲ್ಲಿ ಊರಿನ ಮಾತು ಎಲ್ಲೆಲ್ಲಿ ಬರುತ್ತದೆ ಎಂದು ನೋಡಬೇಕಾಗಿದೆ ಎಂದುಕೊಳ್ಳಿ. ‘ಊರು’ ಎಂದು ಟೈಪ್ ಮಾಡಿ ಹುಡುಕಿದರೆ ಊರಿಗೆ ಬಂದದ್ದು, ಊರಲ್ಲಿ ಜಾತ್ರೆ ನಡೆದದ್ದು, ಊರಿನವರೆಲ್ಲ ಸೇರಿದ್ದು ಯಾವುದೂ ತೆರೆಯ ಮೇಲೆ ಬರುವುದಿಲ್ಲ. ಅಜ್ಜನ ಕೈಯ ಊರುಗೋಲು ಮಾತ್ರ ಕರೆಯದೆ ಬಂದು ನಿಲ್ಲುತ್ತದೆ.

ಹುಡುಕುವ ತಂತ್ರಾಂಶ ಮಾಡುವ ಮೊದಲ ಕೆಲಸ ಪಠ್ಯವನ್ನು ತುಂಡು ಮಾಡುವುದು. ಈ ತುಂಡಿಗೆ ಟೋಕನ್ ಎನ್ನುತ್ತಾರೆ. ಎಲ್ಲಿ ಜಾಗ ಬಿಟ್ಟಿದೆಯೋ, ಎಲ್ಲಿ ಪೂರ್ಣವಿರಾಮ, ಅಲ್ಪವಿರಾಮ ಇದೆಯೋ ಅಲ್ಲಿ ಕತ್ತರಿಸಿ, ಯಾವ ತುಂಡು ಯಾವ ಪುಟದಲ್ಲಿದೆ ಎಂದು ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ಆಮೇಲೆ ನಾವು ಕೇಳಿದಾಗ ಪುಸ್ತಕ ಓದುವುದಿಲ್ಲ, ಪಟ್ಟಿಯನ್ನಷ್ಟೇ ನೋಡುತ್ತದೆ. ಆ ಪಟ್ಟಿಯಲ್ಲಿ ಊರಿಗೆ, ಊರನ್ನು, ಊರಿಂದ, ಊರಲ್ಲೂ ಎಲ್ಲವೂ ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ನಮೂದುಗಳು. ವಿಭಕ್ತಿಯನ್ನು ನಾಮಪದಕ್ಕೆ ಅಂಟಿಸಿಯೇ ಬರೆಯುವ ನಮ್ಮ ಭಾಷೆಯಲ್ಲಿ ಜಾಗ ನೋಡಿ ಕತ್ತರಿಸುವುದರಿಂದ ಅರ್ಧ ಕೆಲಸವೂ ಆಗುವುದಿಲ್ಲ.

ಹಾಗಾದರೆ ಪದದ ಮೊದಲ ಭಾಗ ಹೊಂದಿದರೆ ಸಾಕು ಎಂದು ಹೇಳಬಹುದಲ್ಲ? ಇಲ್ಲಿ ಯುನಿಕೋಡ್ ಅಡ್ಡ ಬರುತ್ತದೆ. ನಾವು ಒಂದು ಅಕ್ಷರವೆಂದು ಓದುವುದನ್ನು ಅದು ವ್ಯಂಜನ ಬೇರೆ, ಸ್ವರಚಿಹ್ನೆ ಬೇರೆ ಎಂದು ಕೂಡಿಡುತ್ತದೆ. ‘ಅ’ಕಾರಕ್ಕಂತೂ ಚಿಹ್ನೆಯೇ ಇಲ್ಲ.

```
ಊರು     ಊ ರ ು
ಊರಿಗೆ    ಊ ರ ಿ ಗ ೆ
ಊರ್ಮಿಳೆ   ಊ ರ ್ ಮ ಿ ಳ ೆ
```

ಸಂಧಿಯಲ್ಲಿ ಉಕಾರ ಲೋಪವಾದ್ದರಿಂದ ಊರು ಮತ್ತು ಊರಿಗೆ ಎರಡಕ್ಕೂ ಸಮಾನವಾಗಿ ಉಳಿದದ್ದು ‘ಊರ’ ಎಂಬ ಎರಡೇ ಸಂಕೇತ. ಅಷ್ಟನ್ನೇ ಹಿಡಿದು ಹುಡುಕಿದರೆ ಲಕ್ಷ್ಮಣನ ಹೆಂಡತಿಯೂ ಊರಿನ ಲೆಕ್ಕಕ್ಕೆ ಸೇರುತ್ತಾಳೆ. ‘ಮರ’ ಎಂದು ಹುಡುಕಿದವರಿಗೆ ಮರಿ, ಮರೆವು, ಮರ್ಮ, ಮರಣ ಎಲ್ಲವೂ ಸಿಗುವುದು ಇದೇ ಕಾರಣಕ್ಕೆ.

ಆದ್ದರಿಂದ ಮುಂದಿನ ಉಪಾಯ, ಕೊನೆಯ ಪ್ರತ್ಯಯವನ್ನು ಕತ್ತರಿಸಿ ಮೂಲಪದವನ್ನು ಹೊರತೆಗೆಯುವುದು. ‘ಗಳು’ ಕಂಡರೆ ತೆಗೆ, ‘ಅಲ್ಲಿ’ ಕಂಡರೆ ತೆಗೆ ಎಂದು ಒಂದಿಷ್ಟು ನಿಯಮ ಬರೆದರೆ ಮೊದಲ ದಿನ ಕೆಲಸ ಸಲೀಸಾಗಿ ಸಾಗುತ್ತದೆ. ಎರಡನೆಯ ದಿನ ತಿಂಗಳು ‘ತಿಂ’ ಆಗಿರುವುದು, ಗೋವಿಂದ ‘ಇಂದ’ ಕಳೆದುಕೊಂಡು ‘ಗೋವ್’ ಆಗಿರುವುದು, ಗೋಡೆಯ ಮೇಲಿನ ಹಲ್ಲಿ ಬರೀ ‘ಹ್’ ಆಗಿರುವುದು ಕಣ್ಣಿಗೆ ಬೀಳುತ್ತದೆ. ಕತ್ತರಿಸಿದ ಮೇಲೆ ಉಳಿದದ್ದು ನಿಘಂಟಿನಲ್ಲಿದೆಯೇ ಎಂದು ನೋಡದೆ ಯಾವ ನಿಯಮವನ್ನೂ ನಂಬುವಂತಿಲ್ಲ.

ಕತ್ತರಿಸಿದರಷ್ಟೇ ಸಾಲದು, ಸಂಧಿಯಲ್ಲಿ ಹೋದದ್ದನ್ನು ಮರಳಿ ತರಬೇಕು, ಬಂದದ್ದನ್ನು ತೆಗೆಯಬೇಕು. ಬೇರಿಗೆ ಎಂದರೆ ಬೇರು, ಇಲ್ಲಿ ಲೋಪವಾದ ಉಕಾರ ಮರಳಬೇಕು. ಮೇರುವಿಗೆ ಎಂದರೆ ಮೇರು, ಇಲ್ಲಿ ಉಕಾರ ಉಳಿದಿದೆ, ನಡುವೆ ಬಂದ ವಕಾರವನ್ನು ತೆಗೆಯಬೇಕು. ಬೇರು, ಮೇರು ಎರಡರ ಕೊನೆಯೂ ಒಂದೇ, ನಡತೆ ಬೇರೆ. ಹಸು, ಕರು, ಮಗುಗಳಂತೆ ಎರಡೂ ಅಕ್ಷರ ಹ್ರಸ್ವವಾಗಿದ್ದರೆ ಸಾಮಾನ್ಯವಾಗಿ ಉಕಾರ ಉಳಿಯುತ್ತದೆ. ಮೊದಲ ಅಕ್ಷರ ದೀರ್ಘವಿರುವ ಊರು, ಕಾಲು, ಹಾಲುಗಳಲ್ಲಿ ಅದು ಲೋಪವಾಗುತ್ತದೆ. ಆದರೆ ಸಂಸ್ಕೃತದಿಂದ ಬಂದ ಮೇರು, ವಾಯು, ಸಾಧು ಈ ಲೆಕ್ಕಕ್ಕೆ ಸಿಗುವುದಿಲ್ಲ. ನೂರು ಇನ್ನೊಂದು ದಾರಿ ಹಿಡಿದು ‘ನೂರಕ್ಕೆ’ ಆಗುತ್ತದೆ. ಬರವಣಿಗೆ ನೋಡಿ ಇದನ್ನು ಊಹಿಸಲಾಗದು. ನಿಘಂಟಿನಲ್ಲಿ ಪ್ರತಿ ಪದದ ಮುಂದೆ ಅದು ಯಾವ ಗುಂಪಿನದು ಎಂದು ಮನುಷ್ಯರೇ ಕೂತು ಗುರುತು ಹಾಕಬೇಕು. ಇಡೀ ಕೆಲಸದಲ್ಲಿ ಹೆಚ್ಚು ಬೇಸರದ್ದೂ ಹೆಚ್ಚು ಬೆಲೆಯದ್ದೂ ಇದೇ.

ಇಷ್ಟೆಲ್ಲ ಮಾಡಿದ ಮೇಲೂ ‘ಹೋಳಿಗೆ’ ಎಂಬ ತುಂಡು ಬಂದರೆ ತಂತ್ರಾಂಶ ತಡವರಿಸುತ್ತದೆ. ಅದು ಯುಗಾದಿಯ ಹೋಳಿಗೆಯೇ ಇರಬಹುದು. ಹೋಳಿ ಹಬ್ಬಕ್ಕೆ ‘ಗೆ’ ಸೇರಿರಬಹುದು. ಹೋಳು ಎಂಬುದರ ಚತುರ್ಥಿಯೂ ಇರಬಹುದು. ಮೂರೂ ನಿಘಂಟಿನಲ್ಲಿವೆ, ಮೂರೂ ಸರಿ. ಅಕ್ಕಪಕ್ಕದ ಪದ ನೋಡೋಣವೆಂದರೆ ‘ಮಾವಿನ ಹೋಳಿಗೆ’ ಎಂದಿರುತ್ತದೆ. ಮುಂದೆ ‘ಉಪ್ಪು ಸವರಿ’ ಎಂದಿದ್ದರೆ ಹೋಳು, ‘ತುಪ್ಪ ಹಾಕಿ’ ಎಂದಿದ್ದರೆ ಬಹುಶಃ ಸಿಹಿ. ಇಂಥ ಕಡೆ ಒಂದನ್ನೇ ಆರಿಸಲು ಹೆಣಗುವುದಕ್ಕಿಂತ ಮೂರೂ ಮೂಲಪದಗಳ ಅಡಿಯಲ್ಲಿ ಆ ಪುಟವನ್ನು ನಮೂದಿಸುವುದೇ ವಾಸಿ. ಹುಡುಕಿದವರಿಗೆ ಒಂದೆರಡು ಬೇಡದ ಪುಟ ಹೆಚ್ಚು ಬಂದರೆ ಕಣ್ಣಾಡಿಸಿ ಬಿಡುತ್ತಾರೆ. ಬೇಕಾದ ಪುಟ ಬಾರದಿದ್ದರೆ ಅದು ಇತ್ತೆಂಬುದೇ ಅವರಿಗೆ ತಿಳಿಯುವುದಿಲ್ಲ.

ಪದಪದಗಳೇ ಕೂಡಿಕೊಂಡಾಗ ಬಿಡಿಸುವ ಕೆಲಸವನ್ನು ಬಲದಿಂದ ಎಡಕ್ಕೆ ಮಾಡುವುದು ಲೇಸು. ‘ಊರಲ್ಲೇನಿದೆ’ ಎಂಬುದನ್ನೇ ನೋಡಿ. ಕೊನೆಯಲ್ಲಿ ‘ಇದೆ’ ಕಾಣುತ್ತದೆ, ಅದನ್ನು ಬಿಡಿಸಿದರೆ ‘ಊರಲ್ಲೇನ್’ ಉಳಿಯುತ್ತದೆ. ಲೋಪವಾದ ಉಕಾರ ಸೇರಿಸಿದರೆ ‘ಏನು’ ಹೊರಬರುತ್ತದೆ. ಇನ್ನುಳಿದದ್ದು ‘ಊರಲ್ಲ್’. ಇಲ್ಲಿ ಹೋಗಿರುವುದು ಇಕಾರವಾದರೆ ‘ಊರಲ್ಲಿ’, ಅಕಾರವಾದರೆ ‘ಊರಲ್ಲ’, ಅಂದರೆ ಊರು ಅಲ್ಲ. ‘ಇದೂ ಒಂದು ಊರಲ್ಲೇನು?’ ಎಂದು ಕೇಳುವವರೂ ಇದ್ದಾರಲ್ಲ! ಬಲಗಡೆ ‘ಇದೆ’ ಇರುವುದರಿಂದ ಇಲ್ಲಿ ‘ಊರಲ್ಲಿ’ ಗೆಲ್ಲುತ್ತದೆ. ಎರಡೂ ದಾರಿ ಕಡೆಗೆ ಊರಿಗೇ ಸೇರುವುದರಿಂದ ಹುಡುಕಾಟಕ್ಕಂತೂ ನಷ್ಟವಿಲ್ಲ.

ಸಮಾಸದಲ್ಲಿ ಎಷ್ಟು ಬಿಡಿಸಬೇಕು ಎಂಬುದು ತಂತ್ರಕ್ಕಿಂತ ಹೆಚ್ಚಾಗಿ ವಿವೇಕದ ಪ್ರಶ್ನೆ. ಮಳೆಗಾಲದೊಳಗೆ ಕಾಲ ‘ಗಾಲ’ವಾಗಿ ಅಡಗಿದೆ, ಗಕಾರವನ್ನು ಕಕಾರಕ್ಕೆ ತಿರುಗಿಸಿದರೆ ಸಿಗುತ್ತದೆ. ಆದರೆ ಮನೆ ಹುಡುಕುವವರಿಗೆ ಸೆರೆಮನೆಯನ್ನು ತೋರಿಸಿ ಏನು ಪ್ರಯೋಜನ? ಇಡೀ ಪದಕ್ಕೆ ಮೊದಲ ಸ್ಥಾನ, ಬಿಡಿ ಭಾಗಗಳಿಗೆ ಫಲಿತಾಂಶದ ಕೆಳಗಿನ ಸಾಲು ಕೊಡುವುದು ಸರಿ ಎಂದು ನನ್ನ ಅನಿಸಿಕೆ. ದೇವಾಲಯ, ಸೂರ್ಯೋದಯಗಳಂಥವನ್ನು ಮುಟ್ಟದೆ ಬಿಡಬೇಕು. ಅವು ಕನ್ನಡದಲ್ಲಿ ಇಡಿಯಾಗಿಯೇ ಬಾಳುತ್ತಿವೆ.

ದೊಡ್ಡ ನಿಘಂಟು, ದೊಡ್ಡ ತಂಡ ಇಲ್ಲದವರಿಗೆ ಕಡಿಮೆ ಖರ್ಚಿನ ದಾರಿಯೊಂದಿದೆ: ಪಠ್ಯವನ್ನು ಮುಟ್ಟದೆ ಪ್ರಶ್ನೆಯನ್ನೇ ಹಿಗ್ಗಿಸುವುದು. ‘ಊರು’ ಎಂದು ಟೈಪ್ ಮಾಡಿದ ಕೂಡಲೇ ತಂತ್ರಾಂಶ ತಾನೇ ಊರನ್ನು, ಊರಿಗೆ, ಊರಿಂದ, ಊರಿನಿಂದ, ಊರಲ್ಲಿ, ಊರಿನಲ್ಲಿ, ಊರುಗಳಿಗೆ ಎಂದು ರೂಪಗಳನ್ನು ಕಟ್ಟಿಕೊಂಡು ಎಲ್ಲವನ್ನೂ ಒಟ್ಟಿಗೆ ಹುಡುಕುತ್ತದೆ. ಏಕವಚನ ಬಹುವಚನ ಸೇರಿ 15 ರೂಪ ಎಂದಿಟ್ಟುಕೊಂಡು, ಪ್ರತಿಯೊಂದಕ್ಕೂ ಊ, ಏ, ಓ ಹಚ್ಚಿದ ರೂಪಗಳನ್ನೂ ಸೇರಿಸಿದರೆ 60 ಆಗುತ್ತದೆ, ಕಂಪ್ಯೂಟರಿಗೆ ಇದೇನೂ ಹೊರೆಯಲ್ಲ. ಪದ ಕಟ್ಟುವಾಗ ಮೂಲ ನಮ್ಮ ಕೈಯಲ್ಲೇ ಇರುವುದರಿಂದ ಬಿಡಿಸುವಾಗಿನಷ್ಟು ಗೊಂದಲವಿಲ್ಲ. ಊರ್ಮಿಳೆ ಬರುವುದಿಲ್ಲ, ಊರುಗೋಲೂ ಬರುವುದಿಲ್ಲ. ‘ಊರಲ್ಲೇನಿದೆ’ಯಂಥ ಕೂಡುಪದಗಳು ಮಾತ್ರ ಕೈತಪ್ಪುತ್ತವೆ.

ಎಷ್ಟು ತಪ್ಪಿತು ಎಂದು ತಿಳಿಯಲು ಪಠ್ಯದ ಕೆಲವು ಪುಟಗಳನ್ನು ಮುದ್ರಿಸಿಕೊಂಡು, ಊರಿನ ಎಲ್ಲ ರೂಪಗಳಿಗೂ ಪೆನ್ಸಿಲಿನಲ್ಲಿ ಗೆರೆ ಎಳೆದು, ತಂತ್ರಾಂಶ ಕೊಟ್ಟ ಪಟ್ಟಿಯೊಡನೆ ಹೋಲಿಸಬೇಕು. ಕಾದಂಬರಿಯಾದರೆ ನಿರೂಪಣೆಯ ಪುಟಗಳ ಜೊತೆಗೆ ಸಂಭಾಷಣೆಯ ಪುಟಗಳನ್ನೂ ಆರಿಸಿಕೊಳ್ಳಬೇಕು. ಧಾರವಾಡದ ಕಡೆಯ ಪಾತ್ರಗಳು ‘ಊರಾಗ’ ಎನ್ನುತ್ತವೆ, ಮೈಸೂರು ಕಡೆಯವು ‘ಊರ್ಗೆ’ ಎನ್ನುತ್ತವೆ. ಇವು ಶಿಷ್ಟ ಕನ್ನಡದ ವಿಭಕ್ತಿ ಪಟ್ಟಿಯಲ್ಲಿ ಇರುವುದೇ ಇಲ್ಲ. ಪ್ರತಿ ಸೀಮೆಯ ಮಾತಿಗೂ ಬೇರೆ ಪ್ರತ್ಯಯಗಳ ಪಟ್ಟಿ ಮಾಡಿ ಸೇರಿಸುವ ತನಕ ಪೆನ್ಸಿಲ್ ಗೆರೆಗಳಿಗೂ ತೆರೆಯ ಮೇಲಿನ ಸಂಖ್ಯೆಗೂ ತಾಳೆಯಾಗುವುದಿಲ್ಲ.